ಪಿವಟ್ ಟೇಬಲ್‌ನಲ್ಲಿ ಮೂಲ ಸಾಲುಗಳ ದರ್ಶನ ಮತ್ತು ರಿಫ್ರೆಶ್

ಪಿವಟ್ ಟೇಬಲ್ ಎಂಬುದು ಮೈಕ್ರೋಸಾಫ್ಟ್ ಎಕ್ಸೆಲ್ ಮೊದಲಾದ ಸ್ಪ್ರೆಡ್‌ಶೀಟ್ ತಂತ್ರಾಂಶಗಳಲ್ಲಿ ಉದ್ದವಾದ ಮಾಹಿತಿ ಪಟ್ಟಿಯನ್ನು ಗುಂಪುಗಳಾಗಿ ವಿಂಗಡಿಸಿ, ಪ್ರತಿ ಗುಂಪಿನ ಮೊತ್ತವನ್ನು ತೋರಿಸುವ ಸಾರಾಂಶ ಕೋಷ್ಟಕ. ಈ ಕೋಷ್ಟಕದ ಯಾವುದಾದರೂ ಮೊತ್ತದ ಮೇಲೆ ಡಬಲ್ ಕ್ಲಿಕ್ ಮಾಡಿದರೆ, ಆ ಮೊತ್ತ ಯಾವ ಯಾವ ಸಾಲುಗಳಿಂದ ಕೂಡಿಬಂದಿತೆಂಬುದು ಹೊಸ ಹಾಳೆಯೊಂದರಲ್ಲಿ ತೆರೆದುಕೊಳ್ಳುತ್ತದೆ. ಎಕ್ಸೆಲ್‌ನಲ್ಲಿ ಈ ಕ್ರಿಯೆಯ ಹೆಸರು Show Details. ಮೂಲ ಪಟ್ಟಿಯಲ್ಲಿ ತಿದ್ದುಪಡಿ ಮಾಡಿದ ಬಳಿಕ ಪಿವಟ್ ಟೇಬಲ್ ಅದನ್ನು ಮತ್ತೆ ಓದಿಕೊಳ್ಳುವಂತೆ ಮಾಡುವ ಕ್ರಿಯೆಗೆ Refresh ಎಂದು ಹೆಸರು.

ಈ ಎರಡು ಕ್ರಿಯೆಗಳನ್ನೂ ಒಂದೇ ಸಂಗತಿಯಿಂದ ಅರ್ಥಮಾಡಿಕೊಳ್ಳಬಹುದು. ಪಿವಟ್ ಟೇಬಲ್ ಮೂಲ ಪಟ್ಟಿಯನ್ನು ನೇರವಾಗಿ ನೋಡುವುದಿಲ್ಲ. ಅದರ ಒಂದು ಪ್ರತಿಯನ್ನು ತನ್ನೊಳಗೆ ಇರಿಸಿಕೊಂಡು ಆ ಪ್ರತಿಯನ್ನಷ್ಟೇ ಎಣಿಸುತ್ತದೆ. ಡಬಲ್ ಕ್ಲಿಕ್ ಈ ಪ್ರತಿಯನ್ನು ತೋರಿಸುತ್ತದೆ, ರಿಫ್ರೆಶ್ ಈ ಪ್ರತಿಯನ್ನು ಹೊಸದಾಗಿಸುತ್ತದೆ. ಇದನ್ನು ಗಮನಿಸದಿದ್ದಾಗ ತಿದ್ದಿದ ತಪ್ಪು ತಿದ್ದದಂತೆ ಕಾಣುವುದು, ಸೇರಿಸಿದ ಊರು ಲೆಕ್ಕಕ್ಕೆ ಬಾರದಿರುವುದು, ಮುಚ್ಚಿಟ್ಟೆವೆಂದುಕೊಂಡ ಮಾಹಿತಿ ಪರರ ಕೈ ಸೇರುವುದು ಮುಂತಾದ ತೊಂದರೆಗಳು ಉಂಟಾಗುತ್ತವೆ.

## ಹಿನ್ನೆಲೆ

ಮಾಹಿತಿಯನ್ನು ಅಡ್ಡ ಮತ್ತು ಉದ್ದ ಸಾಲುಗಳಲ್ಲಿ ಬೇಕಾದಂತೆ ಹೊರಳಿಸಿ ನೋಡುವ ಕಲ್ಪನೆಯನ್ನು 1991ರಲ್ಲಿ ಬಿಡುಗಡೆಯಾದ ಲೋಟಸ್ ಇಂಪ್ರೂವ್ ಎಂಬ ತಂತ್ರಾಂಶ ಬಳಕೆಗೆ ತಂದಿತು. ಅದರ ಹಿಂದಿದ್ದ ಪೀಟೊ ಸಾಲಸ್ ಅವರನ್ನು ಪಿವಟ್ ಟೇಬಲ್‌ನ ಜನಕರೆಂದು ಕರೆಯುವುದುಂಟು. ಮೈಕ್ರೋಸಾಫ್ಟ್ ಸಂಸ್ಥೆಯು 1993ರಲ್ಲಿ ಬಂದ ಎಕ್ಸೆಲ್ 5ರಲ್ಲಿ ಪಿವಟ್ ಟೇಬಲನ್ನು ಸೇರಿಸಿತು. ಇಂದು ಲಿಬ್ರೆ ಆಫೀಸ್ ಕ್ಯಾಲ್ಕ್ ಮತ್ತು ಗೂಗಲ್ ಶೀಟ್ಸ್‌ಗಳಲ್ಲಿಯೂ ಇದೇ ಬಗೆಯ ಕೋಷ್ಟಕವಿದೆ.

## ಒಳಪ್ರತಿ

ಪಿವಟ್ ಟೇಬಲನ್ನು ರಚಿಸಿದ ಕ್ಷಣದಲ್ಲಿ ಎಕ್ಸೆಲ್ ಮೂಲ ಪಟ್ಟಿಯ ಎಲ್ಲ ಸಾಲುಗಳನ್ನೂ, ಎಲ್ಲ ಕಾಲಂಗಳನ್ನೂ ಓದಿ ಕಡತದೊಳಗೆ ಪ್ರತ್ಯೇಕವಾಗಿ ಇರಿಸುತ್ತದೆ. ತಾಂತ್ರಿಕ ಬರಹಗಳಲ್ಲಿ ಇದಕ್ಕೆ ಪಿವಟ್ ಕ್ಯಾಶ್ ಎನ್ನುತ್ತಾರೆ. ಈ ಲೇಖನದಲ್ಲಿ ಅದನ್ನು ಒಳಪ್ರತಿ ಎಂದು ಕರೆಯಲಾಗಿದೆ. ಒಳಪ್ರತಿ ಯಾವ ಹಾಳೆಯಲ್ಲಿಯೂ ಕಣ್ಣಿಗೆ ಕಾಣುವುದಿಲ್ಲ. ಕಡತವನ್ನು ಉಳಿಸಿದಾಗ ಸಾಮಾನ್ಯವಾಗಿ ಅದೂ ಜೊತೆಗೇ ಉಳಿಯುತ್ತದೆ.

ಹೀಗೆ ಪ್ರತಿ ಇರಿಸಿಕೊಳ್ಳುವುದರಿಂದ ಸಾವಿರಾರು ಸಾಲುಗಳ ಪಟ್ಟಿಯನ್ನು ಬೇರೆ ಬೇರೆ ರೀತಿಯಲ್ಲಿ ಗುಂಪು ಮಾಡಿದಾಗಲೂ ಉತ್ತರ ತಡವಾಗದೆ ಬರುತ್ತದೆ. ಸಾಮಾನ್ಯ ಸೂತ್ರಗಳಿಗೂ ಪಿವಟ್ ಟೇಬಲಿಗೂ ಇರುವ ವ್ಯತ್ಯಾಸ ಇಲ್ಲಿಯೇ ಇದೆ. `SUM` ಸೂತ್ರವಿರುವ ಸೆಲ್ ಮೂಲದ ಅಂಕಿ ಬದಲಾದೊಡನೆ ತಾನೂ ಬದಲಾಗುತ್ತದೆ. ಪಿವಟ್ ಟೇಬಲ್ ಹಾಗಲ್ಲ. ಅದು ಹಾಜರಿ ಪುಸ್ತಕವನ್ನು ನೋಡಿ ಬೆಳಿಗ್ಗೆ ಕರಿಹಲಗೆಯ ಮೇಲೆ ಬರೆದಿಟ್ಟ ಸಂಖ್ಯೆಯಂತೆ. ಪುಸ್ತಕದಲ್ಲಿ ತಿದ್ದಿದರೂ ಹಲಗೆಯ ಸಂಖ್ಯೆ, ಯಾರಾದರೂ ಮತ್ತೆ ನೋಡಿ ಬರೆಯುವವರೆಗೆ, ಹಳೆಯದೇ ಆಗಿರುತ್ತದೆ.

## ಉದಾಹರಣೆ: ಬೆಳಗಾವಿ ಜಿಲ್ಲೆಯ ನಾಲ್ಕು ವಲಯಗಳು

ಊರಿನ ಹೆಸರನ್ನು ಬೇರೆ ಬೇರೆ ರೀತಿಯಲ್ಲಿ ಬರೆಯುವ ರೂಢಿ ಇರುವಲ್ಲಿ ಈ ಎರಡು ಕ್ರಿಯೆಗಳ ಅಗತ್ಯ ಎದ್ದು ಕಾಣುತ್ತದೆ. ಬೆಳಗಾವಿ ಜಿಲ್ಲೆಯ ಬೈಲಹೊಂಗಲ, ಕಿತ್ತೂರು, ಸವದತ್ತಿ ಮತ್ತು ರಾಮದುರ್ಗಗಳು ಇದಕ್ಕೆ ಒಳ್ಳೆಯ ನಿದರ್ಶನ. ಸವದತ್ತಿಯನ್ನು ಸೌದತ್ತಿ ಎಂದೂ ಸೌಂದತ್ತಿ ಎಂದೂ ಬರೆಯುವುದುಂಟು. ಬ್ರಿಟಿಷರ ಕಾಲದಲ್ಲಿ ಆ ತಾಲ್ಲೂಕಿನ ಹೆಸರೇ ಪರಸಗಡ ಎಂದಿತ್ತು. ಬೈಲಹೊಂಗಲದ ಭಾಗ ಸಂಪಗಾಂವಿ ತಾಲ್ಲೂಕಿಗೆ ಸೇರಿತ್ತು. ಕಿತ್ತೂರು 2011ರ ಜನಗಣತಿಯ ಹೊತ್ತಿಗೆ ಬೈಲಹೊಂಗಲ ತಾಲ್ಲೂಕಿನೊಳಗೇ ಇದ್ದು, ಅನಂತರ ಪ್ರತ್ಯೇಕ ತಾಲ್ಲೂಕಾಯಿತು. ಜಿಲ್ಲೆಯ ಹೆಸರು ಕೂಡ 2014ರ ನವೆಂಬರ್ 1ರಿಂದ ಇಂಗ್ಲಿಷ್ ಬರವಣಿಗೆಯಲ್ಲಿ ಬೆಳಗಾವಿ ಎಂದು ಬದಲಾಯಿತು. ಆದ್ದರಿಂದ ಹಲವು ಕೈಗಳು ತುಂಬಿದ ಪಟ್ಟಿಯಲ್ಲಿ ಒಂದೇ ಸ್ಥಳ ಎರಡು ಹೆಸರಿನಿಂದ ಬರುವುದು ಸಹಜ.

ಎಂಟನೆಯ ತರಗತಿಯ ಮಕ್ಕಳಿಗೆ ಬೇಕಾಗುವ ಪಠ್ಯಪುಸ್ತಕಗಳ ಬೇಡಿಕೆಯನ್ನು ವಲಯವಾರು ಸಿದ್ಧಪಡಿಸಬೇಕಾಗಿದೆ ಎಂದು ಭಾವಿಸೋಣ. ‘ಮೂಲ’ ಎಂಬ ಹಾಳೆಯಲ್ಲಿ ಊರುವಾರು ಪಟ್ಟಿ ಹೀಗಿದೆ. ಊರುಗಳು ನಿಜವಾದವು, ಮಕ್ಕಳ ಸಂಖ್ಯೆಗಳು ವಿವರಣೆಗಾಗಿ ಮಾಡಿಕೊಂಡವು.

| ವಲಯ | ಊರು | ತರಗತಿ | ಮಕ್ಕಳು |
|---|---|---|---|
| ಬೈಲಹೊಂಗಲ | ಬೆಳವಡಿ | 8 | 64 |
| ಬೈಲಹೊಂಗಲ | ನೇಸರಗಿ | 8 | 72 |
| ಬೈಲಹೊಂಗಲ | ದೊಡವಾಡ | 8 | 58 |
| ಕಿತ್ತೂರು | ಎಂ.ಕೆ. ಹುಬ್ಬಳ್ಳಿ | 8 | 81 |
| ಕಿತ್ತೂರು | ದೇಗಾಂವ | 8 | 33 |
| ಕಿತ್ತೂರು | ಕಿತ್ತೂರು | 8 | 69 |
| ಸವದತ್ತಿ | ಮುನವಳ್ಳಿ | 8 | 76 |
| ಸವದತ್ತಿ | ಹೂಲಿ | 8 | 41 |
| ಸೌದತ್ತಿ | ಉಗರಗೋಳ | 8 | 46 |
| ರಾಮದುರ್ಗ | ಸುರೇಬಾನ | 8 | 57 |
| ರಾಮದುರ್ಗ | ಕಟಕೋಳ | 8 | 62 |
| ರಾಮದುರ್ಗ | ಸಾಲಹಳ್ಳಿ | 8 | 39 |

ಶೀರ್ಷಿಕೆಯ ಸಾಲನ್ನೂ ಸೇರಿಸಿ ಪಟ್ಟಿಯು `A1:D13` ವ್ಯಾಪ್ತಿಯಲ್ಲಿದೆ. ಇದರಿಂದ ‘ಸಾರ’ ಎಂಬ ಇನ್ನೊಂದು ಹಾಳೆಯಲ್ಲಿ, `A3` ಸೆಲ್‌ನಿಂದ ಆರಂಭವಾಗುವಂತೆ, ವಲಯವನ್ನು ಸಾಲಾಗಿಯೂ ಮಕ್ಕಳ ಸಂಖ್ಯೆಯನ್ನು ಮೊತ್ತವಾಗಿಯೂ ಇರಿಸಿ ಪಿವಟ್ ಟೇಬಲ್ ರಚಿಸಿದರೆ ಈ ಫಲಿತಾಂಶ ಬರುತ್ತದೆ.

| ವಲಯ | ಮಕ್ಕಳ ಮೊತ್ತ |
|---|---|
| ಕಿತ್ತೂರು | 183 |
| ಬೈಲಹೊಂಗಲ | 194 |
| ರಾಮದುರ್ಗ | 158 |
| ಸವದತ್ತಿ | 117 |
| ಸೌದತ್ತಿ | 46 |
| ಒಟ್ಟು | 698 |

ವಲಯಗಳು ನಾಲ್ಕು, ಕೋಷ್ಟಕದಲ್ಲಿರುವುದು ಐದು. ಒಟ್ಟು ಮೊತ್ತ 698 ಎಂಬುದು ಸರಿಯಾಗಿಯೇ ಇರುವುದರಿಂದ ಕೊನೆಯ ಸಾಲನ್ನಷ್ಟೇ ತಾಳೆ ನೋಡುವವರಿಗೆ ಈ ದೋಷ ಸಿಗುವುದಿಲ್ಲ. ಆದರೆ ಸವದತ್ತಿ ವಲಯಕ್ಕೆ 117 ಕಟ್ಟು ಪುಸ್ತಕಗಳೆಂದು ಬರೆದು ಕಳುಹಿಸಿದರೆ ಉಗರಗೋಳದ 46 ಮಕ್ಕಳಿಗೆ ಪುಸ್ತಕ ಬರುವುದಿಲ್ಲ.

## ಡಬಲ್ ಕ್ಲಿಕ್‌ನಿಂದ ಮೂಲ ಸಾಲುಗಳನ್ನು ನೋಡುವುದು

ಹನ್ನೆರಡು ಸಾಲುಗಳ ಪಟ್ಟಿಯಲ್ಲಿ ತಪ್ಪಿದ ಸಾಲನ್ನು ಕಣ್ಣಿನಿಂದಲೇ ಹುಡುಕಬಹುದು. ಸಾವಿರಾರು ಸಾಲುಗಳಿದ್ದಾಗ ಡಬಲ್ ಕ್ಲಿಕ್ ನೆರವಾಗುತ್ತದೆ. ಸೌದತ್ತಿ ಎಂಬ ಸಾಲಿನ ಎದುರಿಗಿರುವ 46 ಎಂಬ ಅಂಕಿಯ ಮೇಲೆ ಎರಡು ಬಾರಿ ಬೇಗನೆ ಕ್ಲಿಕ್ ಮಾಡಬೇಕು. ಅದೇ ಸೆಲ್ ಮೇಲೆ ಬಲ ಕ್ಲಿಕ್ ಮಾಡಿ Show Details ಆಯ್ಕೆಯನ್ನು ಒತ್ತಿದರೂ ಫಲ ಒಂದೇ.

ಕ್ಲಿಕ್ ಮಾಡಬೇಕಾದುದು ಅಂಕಿಯ ಮೇಲೆ, ವಲಯದ ಹೆಸರಿನ ಮೇಲಲ್ಲ. ಹೆಸರಿನ ಮೇಲೆ ಡಬಲ್ ಕ್ಲಿಕ್ ಮಾಡಿದರೆ ಸಾಲುಗಳು ತೆರೆದುಕೊಳ್ಳುವುದಿಲ್ಲ. ಅದರ ಬದಲು ಆ ಗುಂಪನ್ನು ಯಾವ ಕಾಲಂ ಪ್ರಕಾರ ಇನ್ನಷ್ಟು ವಿಂಗಡಿಸಬೇಕೆಂದು ಕೇಳುವ Show Detail ಎಂಬ ಪುಟ್ಟ ಕಿಟಕಿ ಬರುತ್ತದೆ. ಹೆಸರಿನ ಕೆಳಗೆ ಈಗಾಗಲೇ ಉಪಗುಂಪುಗಳಿದ್ದರೆ ಅವು ಮಡಚಿಕೊಳ್ಳುತ್ತವೆ ಅಥವಾ ಬಿಚ್ಚಿಕೊಳ್ಳುತ್ತವೆ.

ಅಂಕಿಯ ಮೇಲೆ ಕ್ಲಿಕ್ ಮಾಡಿದಾಗ ಹೊಸ ಹಾಳೆಯೊಂದು ತಾನಾಗಿಯೇ ಸೇರಿಕೊಂಡು ಅದರಲ್ಲಿ ಈ ಸಾಲು ಕಾಣಿಸುತ್ತದೆ.

| ವಲಯ | ಊರು | ತರಗತಿ | ಮಕ್ಕಳು |
|---|---|---|---|
| ಸೌದತ್ತಿ | ಉಗರಗೋಳ | 8 | 46 |

ಪಿವಟ್ ಟೇಬಲ್‌ನಲ್ಲಿ ಬಳಸಿದ್ದು ವಲಯ ಮತ್ತು ಮಕ್ಕಳು ಎಂಬ ಎರಡೇ ಕಾಲಂಗಳಾದರೂ, ಹೊಸ ಹಾಳೆಯಲ್ಲಿ ಊರು ಮತ್ತು ತರಗತಿಗಳೂ ಬಂದಿವೆ ಎಂಬುದನ್ನು ಗಮನಿಸಬೇಕು. ಒಳಪ್ರತಿಯಲ್ಲಿ ಎಲ್ಲ ಕಾಲಂಗಳೂ ಇರುವುದೇ ಇದಕ್ಕೆ ಕಾರಣ. ತಪ್ಪಿದ ಹೆಸರು ಯಾವ ಊರಿನಿಂದ ಬಂದಿತೆಂಬುದು ಈ ಹೆಚ್ಚಿನ ಕಾಲಂಗಳಿಂದಲೇ ತಿಳಿಯುತ್ತದೆ. ಹಾಗೆಯೇ ಸವದತ್ತಿಯ 117ರ ಮೇಲೆ ಕ್ಲಿಕ್ ಮಾಡಿದರೆ ಇನ್ನೊಂದು ಹಾಳೆಯಲ್ಲಿ ಮುನವಳ್ಳಿ ಮತ್ತು ಹೂಲಿ ಎಂಬ ಎರಡು ಸಾಲುಗಳು ಬರುತ್ತವೆ. ಪಿವಟ್ ಟೇಬಲ್‌ಗೆ ಶೋಧಕವನ್ನು ಹಾಕಿದ್ದರೆ ಶೋಧಕಕ್ಕೆ ಒಳಪಟ್ಟ ಸಾಲುಗಳಷ್ಟೇ ಕಾಣುತ್ತವೆ.

### ವಿವರದ ಹಾಳೆಯಲ್ಲಿ ತಿದ್ದಬಾರದು

ಹೊಸಬರಿಂದ ಸಾಮಾನ್ಯವಾಗಿ ಆಗುವ ತಪ್ಪು ಇಲ್ಲಿದೆ. ಎದುರಿಗೆ ಬಂದ ಹಾಳೆಯಲ್ಲಿ ‘ಸೌದತ್ತಿ’ ಎಂದಿರುವುದನ್ನು ಕಂಡು ಅಲ್ಲಿಯೇ ‘ಸವದತ್ತಿ’ ಎಂದು ತಿದ್ದಿ, ಕೆಲಸ ಮುಗಿಯಿತೆಂದು ತಿಳಿಯುತ್ತಾರೆ. ಆದರೆ ಆ ಹಾಳೆ ಒಳಪ್ರತಿಯಿಂದ ತೆಗೆದ ಒಂದು ನಕಲು ಮಾತ್ರ. ಅದಕ್ಕೂ ಮೂಲ ಪಟ್ಟಿಗೂ, ಅದಕ್ಕೂ ಪಿವಟ್ ಟೇಬಲಿಗೂ ಯಾವ ಸಂಬಂಧವೂ ಇಲ್ಲ. ಅಲ್ಲಿ ಏನನ್ನು ತಿದ್ದಿದರೂ, ಎಷ್ಟು ಬಾರಿ ರಿಫ್ರೆಶ್ ಮಾಡಿದರೂ ಮೊತ್ತ ಬದಲಾಗುವುದಿಲ್ಲ. ಮೂಲ ಪಟ್ಟಿಯಲ್ಲಿ ಸೂತ್ರಗಳಿದ್ದರೆ ಅವೂ ಇಲ್ಲಿ ಬರಿಯ ಅಂಕಿಗಳಾಗಿ ಬಂದಿರುತ್ತವೆ.

ಪ್ರತಿ ಡಬಲ್ ಕ್ಲಿಕ್‌ಗೂ ಒಂದೊಂದು ಹಾಳೆ ಹುಟ್ಟುವುದರಿಂದ ಕಡತದಲ್ಲಿ ಇಂತಹ ಹಾಳೆಗಳು ಬೇಗನೆ ಗುಂಪುಗೂಡುತ್ತವೆ. ಕೆಲವು ದಿನಗಳ ಬಳಿಕ ನೋಡುವವರಿಗೆ ಮೂಲ ಯಾವುದು, ನಕಲು ಯಾವುದು ಎಂಬ ಗೊಂದಲವಾಗುತ್ತದೆ. ನೋಡಿ ಮುಗಿದ ಕೂಡಲೇ ವಿವರದ ಹಾಳೆಯನ್ನು ಅಳಿಸಿಬಿಡುವುದು ಒಳ್ಳೆಯದು. ಅದನ್ನು ಅಳಿಸುವುದರಿಂದ ಮೂಲಕ್ಕಾಗಲಿ ಪಿವಟ್ ಟೇಬಲಿಗಾಗಲಿ ಹಾನಿಯಿಲ್ಲ.

## ಮೂಲವನ್ನು ತಿದ್ದಿದ ಬಳಿಕ ರಿಫ್ರೆಶ್

ಸರಿಯಾದ ಕ್ರಮವೆಂದರೆ ‘ಮೂಲ’ ಹಾಳೆಗೆ ಹಿಂದಿರುಗಿ, ಉಗರಗೋಳದ ಸಾಲಿನಲ್ಲಿ, ಅಂದರೆ `A10` ಸೆಲ್‌ನಲ್ಲಿ, ವಲಯದ ಹೆಸರನ್ನು ‘ಸವದತ್ತಿ’ ಎಂದು ತಿದ್ದುವುದು. ತಿದ್ದಿದ ಮಾತ್ರಕ್ಕೆ ‘ಸಾರ’ ಹಾಳೆಯಲ್ಲಿ ಏನೂ ಬದಲಾಗುವುದಿಲ್ಲ. ಸೌದತ್ತಿ 46 ಎಂಬ ಸಾಲು ಹಾಗೆಯೇ ಉಳಿದಿರುತ್ತದೆ. ಈ ಹಂತದಲ್ಲಿ ಅದರ ಮೇಲೆ ಮತ್ತೊಮ್ಮೆ ಡಬಲ್ ಕ್ಲಿಕ್ ಮಾಡಿದರೆ, ತೆರೆದುಕೊಳ್ಳುವ ಹಾಳೆಯಲ್ಲಿಯೂ ‘ಸೌದತ್ತಿ’ ಎಂದೇ ಇರುತ್ತದೆ. ತಿದ್ದಿದ್ದು ಉಳಿಯಲಿಲ್ಲವೇನೋ ಎಂಬ ಅನುಮಾನ ಹುಟ್ಟುವುದು ಈ ಸಂದರ್ಭದಲ್ಲಿ. ವಾಸ್ತವವಾಗಿ ತಿದ್ದುಪಡಿ ಮೂಲದಲ್ಲಿ ಉಳಿದಿದೆ. ತೆರೆದು ತೋರಿಸಿದ್ದು ತಿದ್ದುವುದಕ್ಕೆ ಮುಂಚಿನ ಒಳಪ್ರತಿಯನ್ನು.

ಪಿವಟ್ ಟೇಬಲ್‌ನ ಯಾವುದಾದರೂ ಸೆಲ್ ಮೇಲೆ ಬಲ ಕ್ಲಿಕ್ ಮಾಡಿ Refresh ಆಯ್ಕೆಯನ್ನು ಒತ್ತಿದಾಗ ಎಕ್ಸೆಲ್ ಮೂಲವನ್ನು ಹೊಸದಾಗಿ ಓದುತ್ತದೆ. ಕೀಲಿಮಣೆಯಲ್ಲಿ `Alt+F5` ಒತ್ತಿದರೂ ಆಗುತ್ತದೆ. ಕಡತದಲ್ಲಿ ಹಲವು ಪಿವಟ್ ಟೇಬಲ್‌ಗಳಿದ್ದರೆ `Ctrl+Alt+F5` ಎಲ್ಲವನ್ನೂ ಒಮ್ಮೆಗೇ ಹೊಸದಾಗಿಸುತ್ತದೆ. ಒಂದೇ ಒಳಪ್ರತಿಯನ್ನು ಹಂಚಿಕೊಂಡ ಕೋಷ್ಟಕಗಳಲ್ಲಿ ಒಂದನ್ನು ಹೊಸದಾಗಿಸಿದರೆ ಉಳಿದವೂ ಹೊಸದಾಗುತ್ತವೆ. ನಮ್ಮ ಉದಾಹರಣೆಯಲ್ಲಿ ರಿಫ್ರೆಶ್ ಆದ ಮೇಲೆ ಸೌದತ್ತಿ ಎಂಬ ಸಾಲು ಮರೆಯಾಗಿ, ಸವದತ್ತಿಯ ಮೊತ್ತ 117ರಿಂದ 163ಕ್ಕೆ ಏರುತ್ತದೆ. ಒಟ್ಟು ಮೊತ್ತ 698 ಆಗಿಯೇ ಉಳಿಯುತ್ತದೆ.

ಕಡತವನ್ನು ತೆರೆದಾಗಲೆಲ್ಲ ತಾನಾಗಿ ರಿಫ್ರೆಶ್ ಆಗಬೇಕೆಂದಿದ್ದರೆ, ಬಲ ಕ್ಲಿಕ್ ಮಾಡಿ PivotTable Options ತೆರೆದು, Data ಪುಟದಲ್ಲಿ Refresh data when opening the file ಎಂಬುದಕ್ಕೆ ಗುರುತು ಹಾಕಬೇಕು. ಇದು ತೆರೆಯುವ ಕ್ಷಣಕ್ಕೆ ಮಾತ್ರ ಅನ್ವಯಿಸುತ್ತದೆ. ತೆರೆದ ಬಳಿಕ ಮಾಡಿದ ತಿದ್ದುಪಡಿಗಳಿಗೆ ಮತ್ತೆ ರಿಫ್ರೆಶ್ ಮಾಡಲೇಬೇಕು.

### ಪಟ್ಟಿಯ ಕೆಳಗೆ ಸೇರಿಸಿದ ಸಾಲುಗಳು

ರಿಫ್ರೆಶ್ ಮಾಡಿದರೂ ಹೊಸ ಮಾಹಿತಿ ಬಾರದಿರುವ ಸಂದರ್ಭವೊಂದಿದೆ. ರಾಮದುರ್ಗ ವಲಯದ ಗೊಡಚಿಯ ಪಟ್ಟಿ ತಡವಾಗಿ ಬಂದು, 28 ಮಕ್ಕಳ ಸಾಲನ್ನು 14ನೆಯ ಸಾಲಿನಲ್ಲಿ, ಪಟ್ಟಿಯ ಕೆಳಗೆ ಬರೆಯಲಾಯಿತೆನ್ನೋಣ. ರಿಫ್ರೆಶ್ ಮಾಡಿದ ಮೇಲೂ ರಾಮದುರ್ಗದ ಮೊತ್ತ 158 ಆಗಿಯೇ ಇರುತ್ತದೆ, ಯಾವ ಎಚ್ಚರಿಕೆಯೂ ಬರುವುದಿಲ್ಲ. ಪಿವಟ್ ಟೇಬಲ್‌ಗೆ ಮೊದಲೇ `A1:D13` ಎಂದು ವ್ಯಾಪ್ತಿಯನ್ನು ಹೇಳಿರುವುದರಿಂದ ಅದು ಆ ಗಡಿಯೊಳಗಿನ ಸಾಲುಗಳನ್ನಷ್ಟೇ ಓದುತ್ತದೆ. ಹೊಸ ಸಾಲನ್ನು ಪಟ್ಟಿಯ ನಡುವೆ Insert ಮೂಲಕ ಸೇರಿಸಿದರೆ ವ್ಯಾಪ್ತಿ ತಾನೇ ಹಿಗ್ಗುತ್ತದೆ; ಕೊನೆಯ ಸಾಲಿನ ಕೆಳಗೆ ಬರೆದರೆ ಹಿಗ್ಗುವುದಿಲ್ಲ.

ಇದನ್ನು ಸರಿಪಡಿಸಲು ಪಿವಟ್ ಟೇಬಲ್ ಒಳಗೆ ಕ್ಲಿಕ್ ಮಾಡಿ, PivotTable Analyze ಪಟ್ಟಿಯಲ್ಲಿ Change Data Source ಒತ್ತಿ, ವ್ಯಾಪ್ತಿಯನ್ನು `A1:D14` ಎಂದು ಬದಲಿಸಬಹುದು. ಆದರೆ ಪ್ರತಿ ಬಾರಿ ಸಾಲು ಸೇರಿಸಿದಾಗಲೂ ಇದನ್ನು ನೆನಪಿಡಬೇಕಾಗುತ್ತದೆ. ಶಾಶ್ವತವಾದ ಪರಿಹಾರವೆಂದರೆ ಮೂಲ ಪಟ್ಟಿಯೊಳಗೆ ನಿಂತು `Ctrl+T` ಒತ್ತಿ ಅದನ್ನು ಎಕ್ಸೆಲ್‌ನ Table ಆಗಿ ಮಾರ್ಪಡಿಸುವುದು. ಅನಂತರ Change Data Source ಕಿಟಕಿಯಲ್ಲಿ ವ್ಯಾಪ್ತಿಯ ಬದಲು ಆ ಟೇಬಲ್‌ನ ಹೆಸರನ್ನು ಕೊಡಬೇಕು. ಕೆಳಗೆ ಬರೆದ ಹೊಸ ಸಾಲು ಟೇಬಲ್‌ಗೆ ತಾನಾಗಿ ಸೇರುವುದರಿಂದ, ಮುಂದಿನ ರಿಫ್ರೆಶ್‌ನಲ್ಲಿ ಅದು ಲೆಕ್ಕಕ್ಕೆ ಬರುತ್ತದೆ. ಗೊಡಚಿ ಸೇರಿದ ಮೇಲೆ ರಾಮದುರ್ಗದ ಮೊತ್ತ 186, ಒಟ್ಟು ಮೊತ್ತ 726 ಆಗುತ್ತದೆ.

ಟೇಬಲ್ ಮಾಡಿದ ಮಾತ್ರಕ್ಕೆ ರಿಫ್ರೆಶ್‌ನ ಅಗತ್ಯ ತಪ್ಪುವುದಿಲ್ಲ ಎಂಬುದನ್ನೂ ಇಲ್ಲಿ ಹೇಳಬೇಕು. ಟೇಬಲ್ ವ್ಯಾಪ್ತಿಯನ್ನು ಹಿಗ್ಗಿಸುತ್ತದೆ. ಒಳಪ್ರತಿಯನ್ನು ಹೊಸದಾಗಿಸುವುದು ರಿಫ್ರೆಶ್ ಮಾತ್ರ.

### ತಾಳೆ ನೋಡುವ ಬಗೆ

ಸಾಲುಗಳು ಬಿಟ್ಟುಹೋಗಿವೆಯೇ ಎಂದು ತಿಳಿಯಲು, ಪಿವಟ್ ಟೇಬಲ್‌ಗೆ ತಾಗದ ಖಾಲಿ ಸೆಲ್ ಒಂದರಲ್ಲಿ ಈ ಸೂತ್ರವನ್ನು ಬರೆಯಬಹುದು.

```
=SUM('ಮೂಲ'!D:D)-GETPIVOTDATA("ಮಕ್ಕಳು",'ಸಾರ'!$A$3)
```

ಸೂತ್ರದ ಮೊದಲ ಭಾಗ ಮೂಲ ಹಾಳೆಯನ್ನು ನೇರವಾಗಿ ಕೂಡಿಸುತ್ತದೆ, ಎರಡನೆಯ ಭಾಗ ಪಿವಟ್ ಟೇಬಲ್‌ನ ಒಟ್ಟು ಮೊತ್ತವನ್ನು ತರುತ್ತದೆ. ಶೋಧಕ ಯಾವುದೂ ಇಲ್ಲದಿದ್ದಾಗ ಉತ್ತರ 0 ಬರಬೇಕು. ಗೊಡಚಿಯ ಸಾಲು ವ್ಯಾಪ್ತಿಯ ಹೊರಗೆ ಉಳಿದಿದ್ದಾಗ ಉತ್ತರ 28 ಬರುತ್ತದೆ. ಬಿಟ್ಟುಹೋದುದು ಎಷ್ಟು ಎಂಬುದೂ ಅದರಿಂದಲೇ ತಿಳಿಯುತ್ತದೆ.

ಈ ತಾಳೆಗೂ ಒಂದು ಮಿತಿಯಿದೆ. ಉಗರಗೋಳದ ತಪ್ಪಿನಲ್ಲಿ ಅಂಕಿ ಸರಿಯಿದ್ದು ಹೆಸರು ಮಾತ್ರ ತಪ್ಪಿತ್ತು. ಅಂತಹ ತಪ್ಪಿರುವಾಗಲೂ, ಅದನ್ನು ತಿದ್ದಿ ರಿಫ್ರೆಶ್ ಮಾಡಲು ಮರೆತಾಗಲೂ ಸೂತ್ರದ ಉತ್ತರ 0 ಆಗಿಯೇ ಇರುತ್ತದೆ. ಆದ್ದರಿಂದ ಮೊತ್ತವನ್ನು ತಾಳೆ ನೋಡುವುದರ ಜೊತೆಗೆ ಗುಂಪುಗಳ ಸಂಖ್ಯೆಯನ್ನೂ ಎಣಿಸಬೇಕು. ನಾಲ್ಕು ವಲಯಗಳಿರಬೇಕಾದಲ್ಲಿ ಐದು ಸಾಲುಗಳಿದ್ದರೆ ಒಂದು ಹೆಸರು ಒಡೆದಿದೆ ಎಂದೇ ಅರ್ಥ. ಕೆಲವೊಮ್ಮೆ ‘ರಾಮದುರ್ಗ’ ಎಂಬುದೇ ಎರಡು ಬಾರಿ, ಅಕ್ಷರಶಃ ಒಂದೇ ರೀತಿಯಾಗಿ ಕಾಣುವುದುಂಟು. ಹೆಸರಿನ ಕೊನೆಗೆ ಒಂದು ಖಾಲಿ ಜಾಗವನ್ನು ಒತ್ತಿರುವುದೇ ಇದಕ್ಕೆ ಹೆಚ್ಚಾಗಿ ಕಾರಣವಾಗಿರುತ್ತದೆ. ಚಿಕ್ಕ ಮೊತ್ತದ ಮೇಲೆ ಡಬಲ್ ಕ್ಲಿಕ್ ಮಾಡಿ ಊರನ್ನು ತಿಳಿದುಕೊಂಡು, ಮೂಲದಲ್ಲಿ ಆ ಹೆಸರನ್ನು ಅಳಿಸಿ ಹೊಸದಾಗಿ ಬರೆದರೆ ಸರಿಹೋಗುತ್ತದೆ.

### ಶೋಧಕದಲ್ಲಿ ಉಳಿಯುವ ಹಳೆಯ ಹೆಸರು

ರಿಫ್ರೆಶ್ ಆದ ಬಳಿಕ ಕೋಷ್ಟಕದಿಂದ ಸೌದತ್ತಿ ಮರೆಯಾದರೂ, ವಲಯದ ಶೋಧಕದ ಪಟ್ಟಿಯನ್ನು ಬಿಚ್ಚಿದರೆ ಅಲ್ಲಿ ಆ ಹೆಸರು ಇನ್ನೂ ಕಾಣಬಹುದು. ಹಿಂದೆ ಇದ್ದ ಹೆಸರುಗಳನ್ನು ಒಳಪ್ರತಿ ನೆನಪಿನಲ್ಲಿಟ್ಟುಕೊಂಡಿರುವುದರಿಂದ ಹೀಗಾಗುತ್ತದೆ. ಇದರಿಂದ ಮೊತ್ತಕ್ಕೆ ತೊಂದರೆಯಿಲ್ಲ. ಹೆಸರನ್ನು ಪೂರ್ತಿಯಾಗಿ ತೆಗೆಯಬೇಕಾದರೆ PivotTable Options ಕಿಟಕಿಯ Data ಪುಟದಲ್ಲಿ Number of items to retain per field ಎಂಬುದನ್ನು None ಎಂದು ಬದಲಿಸಿ ಮತ್ತೊಮ್ಮೆ ರಿಫ್ರೆಶ್ ಮಾಡಬೇಕು.

## ಕಡತವನ್ನು ಹಂಚುವಾಗಿನ ಅಪಾಯ

ಒಳಪ್ರತಿಯ ಗಂಭೀರವಾದ ಪರಿಣಾಮ ಕಡತವನ್ನು ಇತರರಿಗೆ ಕಳುಹಿಸುವಾಗ ಕಾಣುತ್ತದೆ. ಮೇಲಿನ ಪಟ್ಟಿಯಲ್ಲಿ ಊರಿನ ಬದಲು ಮಕ್ಕಳ ಹೆಸರು, ಜಾತಿ, ಪೋಷಕರ ದೂರವಾಣಿ ಸಂಖ್ಯೆಗಳಿದ್ದವೆಂದು ಭಾವಿಸೋಣ. ವಿವರಗಳು ಹೊರಗೆ ಹೋಗಬಾರದೆಂದು ‘ಮೂಲ’ ಹಾಳೆಯನ್ನು ಅಳಿಸಿ, ವಲಯವಾರು ಮೊತ್ತಗಳಿರುವ ‘ಸಾರ’ ಹಾಳೆಯೊಂದನ್ನೇ ಕಳುಹಿಸಿದರೂ ಒಳಪ್ರತಿ ಅದರ ಜೊತೆಗೇ ಹೋಗುತ್ತದೆ. ‘ಸಾರ’ ಹಾಳೆಯನ್ನು ಬೇರೆ ಕಡತಕ್ಕೆ ನಕಲಿಸಿ ಕಳುಹಿಸಿದರೂ ಅಷ್ಟೇ. ಪಡೆದವರು ಶೋಧಕಗಳನ್ನು ತೆಗೆದು ಒಟ್ಟು ಮೊತ್ತದ ಮೇಲೆ ಒಮ್ಮೆ ಡಬಲ್ ಕ್ಲಿಕ್ ಮಾಡಿದರೆ ಇಡೀ ಪಟ್ಟಿ, ಎಲ್ಲ ಕಾಲಂಗಳ ಸಮೇತ, ಅವರ ಮುಂದೆ ತೆರೆದುಕೊಳ್ಳುತ್ತದೆ.

PivotTable Options ಕಿಟಕಿಯಲ್ಲಿ Enable show details ಎಂಬ ಗುರುತನ್ನು ತೆಗೆದರೆ ಡಬಲ್ ಕ್ಲಿಕ್ ಕೆಲಸ ಮಾಡುವುದಿಲ್ಲ. ಆದರೆ ಇದು ರಕ್ಷಣೆಯಲ್ಲ. ಪಡೆದವರು ಅದೇ ಗುರುತನ್ನು ಮತ್ತೆ ಹಾಕಬಲ್ಲರು. ಮೊತ್ತಗಳನ್ನಷ್ಟೇ ಕಳುಹಿಸಬೇಕಾದಾಗ ಪಿವಟ್ ಟೇಬಲನ್ನು ನಕಲಿಸಿ, ಹೊಸ ಕಡತವೊಂದರಲ್ಲಿ Paste Special ಮೂಲಕ Values ಎಂದು ಅಂಟಿಸಿ, ಆ ಹೊಸ ಕಡತವನ್ನು ಕಳುಹಿಸುವುದು ಸುರಕ್ಷಿತ. ಕಳುಹಿಸುವ ಮುನ್ನ ಯಾವುದಾದರೂ ಅಂಕಿಯ ಮೇಲೆ ಡಬಲ್ ಕ್ಲಿಕ್ ಮಾಡಿ ಪರೀಕ್ಷಿಸಬಹುದು. ಹೊಸ ಹಾಳೆ ತೆರೆಯದೆ ಸೆಲ್ ಬರೆಯಲು ಸಿದ್ಧವಾದರೆ ಅಲ್ಲಿ ಪಿವಟ್ ಟೇಬಲ್ ಉಳಿದಿಲ್ಲವೆಂದು ತಿಳಿಯಬಹುದು.

## ಮಿತಿಗಳು ಮತ್ತು ಇತರ ತಂತ್ರಾಂಶಗಳು

ಡಬಲ್ ಕ್ಲಿಕ್ ಮಾಡಿದಾಗ ಏನೂ ತೆರೆಯದಿದ್ದರೆ ಕೆಲವು ಕಾರಣಗಳಿರಬಹುದು. Enable show details ಗುರುತು ತೆಗೆದಿರಬಹುದು, ಅಥವಾ ಹಾಳೆಗೆ ರಕ್ಷಣೆಯ ಬೀಗ ಹಾಕಿರಬಹುದು. Save source data with file ಎಂಬ ಆಯ್ಕೆಯನ್ನು ತೆಗೆದು ಉಳಿಸಿದ ಕಡತದಲ್ಲಿ ಒಳಪ್ರತಿಯೇ ಇರುವುದಿಲ್ಲವಾದ್ದರಿಂದ ಮೊದಲು ರಿಫ್ರೆಶ್ ಮಾಡಬೇಕಾಗುತ್ತದೆ.

ಪಿವಟ್ ಟೇಬಲನ್ನು ಸಾಮಾನ್ಯ ಪಟ್ಟಿಯಿಂದಲ್ಲದೆ ಎಕ್ಸೆಲ್‌ನ Data Model ಮೂಲಕ ರಚಿಸಿದ್ದರೆ, ಡಬಲ್ ಕ್ಲಿಕ್‌ಗೆ ಮೊದಲ 1000 ಸಾಲುಗಳು ಮಾತ್ರ ಬರುವಂತೆ ಪೂರ್ವನಿಗದಿಯಾಗಿರುತ್ತದೆ. ವಿವರದ ಸಾಲುಗಳನ್ನು ಕೂಡಿಸಿದಾಗ ಮೇಲಿನ ಮೊತ್ತಕ್ಕಿಂತ ಕಡಿಮೆ ಬಂದರೆ ಇದನ್ನು ನೆನೆಯಬೇಕು. ಸಂಪರ್ಕದ ಗುಣಗಳಲ್ಲಿ ಈ ಮಿತಿಯನ್ನು ಹೆಚ್ಚಿಸಿಕೊಳ್ಳಬಹುದು.

ಲಿಬ್ರೆ ಆಫೀಸ್ ಕ್ಯಾಲ್ಕ್‌ನಲ್ಲಿಯೂ ಅಂಕಿಯ ಮೇಲೆ ಡಬಲ್ ಕ್ಲಿಕ್ ಮಾಡಿದರೆ ಮೂಲ ಸಾಲುಗಳ ಹೊಸ ಹಾಳೆ ಸೇರುತ್ತದೆ. ಇದಕ್ಕಾಗಿ ಪಿವಟ್ ಟೇಬಲ್ ರಚಿಸುವ ಕಿಟಕಿಯಲ್ಲಿ Enable drill to details ಎಂಬ ಗುರುತು ಇರಬೇಕು. ಮೂಲ ಬದಲಾದಾಗ ಬಲ ಕ್ಲಿಕ್ ಮಾಡಿ Refresh ಒತ್ತುವುದು ಇಲ್ಲಿಯೂ ಅವಶ್ಯ. ಗೂಗಲ್ ಶೀಟ್ಸ್‌ನ ಪಿವಟ್ ಟೇಬಲ್ ಮಾತ್ರ ಮೂಲ ಬದಲಾದಂತೆ ತಾನಾಗಿಯೇ ಬದಲಾಗುತ್ತದೆ. ಅಲ್ಲಿ ರಿಫ್ರೆಶ್ ಗುಂಡಿಯ ಅಗತ್ಯವಿಲ್ಲ. ಆದರೂ ಡಬಲ್ ಕ್ಲಿಕ್‌ನಿಂದ ತೆರೆದ ವಿವರದ ಹಾಳೆಯಲ್ಲಿ ತಿದ್ದದೆ ಮೂಲದಲ್ಲಿಯೇ ತಿದ್ದಬೇಕೆಂಬ ನಿಯಮ ಅಲ್ಲಿಯೂ ಬದಲಾಗುವುದಿಲ್ಲ.